ಧನಲಕ್ಷ್ಮಿಯ ಬಂಗಡೆ ಸಾರು, ಬಾಯಿಲ್ಲದೆ

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಮಾಜಾಳಿಯ ಧನಲಕ್ಷ್ಮಿಯ ಸ್ವರ ಕೇಳದವರು ಯಾರಿದ್ದರು ಹೇಳಿ! ಅವಳು ಬುಟ್ಟಿ ಇಳಿಸಿ ಒಂದು ಕೂಗು ಹಾಕಿದರೆ ರಸ್ತೆಯ ಆಚೆ ಬದಿಯಲ್ಲಿ ಚಾ ಕುಡಿಯುತ್ತಿದ್ದವರೂ ಲೋಟ ಕೆಳಗಿಟ್ಟು ತಿರುಗಿ ನೋಡಬೇಕು. ಬರೀ ಕೂಗಲ್ಲ ಮತ್ತೆ. ಅವಳ ಹತ್ತಿರ ಮೀನು ತಗೊಂಡರೆ ಅಡುಗೆ ಪಾಠ ಪುಕ್ಕಟೆ. 'ಈ ಬಂಗಡೆ ಹುರಿಯೂಕೆ ಅಲ್ಲ, ಸಾರಿಗೆ. ಕಾಯಿ ನುಣ್ಣಗೆ ಅರಿ. ಮೀನು ಬಿದ್ದ ಮೇಲೆ ಸೌಟು ಹಾಕೀಯೆ ಮತ್ತೆ, ನೋಡು!' ಎಂದು ಗದರಿಸಿಯೇ ಕಳಿಸುತ್ತಿದ್ದಳು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು, ಬೇರೆ ಊರಿಂದ ವರ್ಗವಾಗಿ ಬಂದ ಕ್ವಾರ್ಟರ್ಸಿನ ಹೆಂಗಸರು, ಎಲ್ಲ ಅವಳ ಮುಂದೆ ಮಕ್ಕಳ ಹಾಗೆ ನಿಂತು ತಲೆಯಾಡಿಸುವವರು. ಆ ತಲೆಯಾಡಿಸುವುದನ್ನು ನೋಡುವುದೇ ಅವಳಿಗೆ ದೊಡ್ಡ ಸುಖವಾಗಿತ್ತು.

ಹೋದ ವರ್ಷ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಜೀವ ಉಳಿಯಿತು, ಸ್ವರ ಮಾತ್ರ ಹೋಯಿತು. ಈಗ ಬಾಯಿ ತೆರೆದರೆ ಪಂಪಿನಲ್ಲಿ ನೀರು ಮುಗಿದಾಗ ಬರುವಂಥ ಬರೀ ಗಾಳಿ. ಮನೆಯೊಳಗೆ ಕಿವಿ ಹತ್ತಿರ ತಂದರೆ ಅರ್ಥವಾದೀತು, ಮಾರ್ಕೆಟ್ಟಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಮೀನು ಕೊಯ್ಯುವ ಹಲಗೆಗೆ ಅಂಗೈಯಿಂದ ಟಪ್ ಟಪ್ ಎಂದು ಬಡಿದು ಗಿರಾಕಿಯನ್ನು ಕರೆಯುವುದು ರೂಢಿ ಮಾಡಿಕೊಂಡಳು. ಗಿರಾಕಿಗಳು ಬರುತ್ತಿದ್ದರು, ಮೀನು ಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಹೇಗೆ ಮಾಡೂದು ಅಂತ ಯಾರೂ ಕೇಳುತ್ತಿರಲಿಲ್ಲ. ಪಾಪ, ಆಯಾಸ ಕೊಡುವುದು ಬೇಡ ಅಂತ ಅವರ ಮನಸ್ಸಿನಲ್ಲಿ. ಆ ಪಾಪ ಅನ್ನುವ ಮುಖ ನೋಡಿದರೆ ಇವಳ ಮೈಯೆಲ್ಲ ಉರಿಯುತ್ತಿತ್ತು.

ಅವಳ ಅಣ್ಣನ ಮಗಳು ಯೋಗಿತಾ ಅಂಕೋಲೆಯ ಒಂದು ಮದುವೆ ವಿಡಿಯೋ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವವಳು. ಅತ್ತೆ ಮಂಕಾಗಿ ಕೂತದ್ದನ್ನು ನೋಡಿ ನೋಡಿ ಒಂದು ಭಾನುವಾರ ಮಾಜಾಳಿಗೆ ಬಂದವಳೇ ಹೇಳಿದಳು:

"ಅತ್ತೆ, ನಿನ್ನ ಬಂಗಡೆ ಸಾರಿಂದು ವಿಡಿಯೋ ಮಾಡ್ವ. ನಾ ಸ್ಕ್ರಿಪ್ಟ್ ಬರ್ಕಂಡೇ ಬಂದಿದ್ದೆ."

ಹಾಳೆಯಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದಳು. ಒಂದರಲ್ಲಿ ಏನು ಕಾಣಬೇಕು, ಇನ್ನೊಂದರಲ್ಲಿ ಪರದೆಯ ಮೇಲೆ ಯಾವ ಅಕ್ಷರ ಬರಬೇಕು, ಮೂರನೆಯದರಲ್ಲಿ ಅದು ಎಷ್ಟು ಸೆಕೆಂಡು ನಿಲ್ಲಬೇಕು. ಎಲ್ಲೆಲ್ಲಿ ಕ್ಯಾಮೆರಾ ಹತ್ತಿರ ಹೋಗಬೇಕೋ ಅಲ್ಲೆಲ್ಲ ಕೆಂಪು ಚುಕ್ಕೆ. ಧನಲಕ್ಷ್ಮಿ ಕನ್ನಡಕ ಏರಿಸಿಕೊಂಡು ಖುಷಿಯಿಂದಲೇ ಓದುತ್ತ ಬಂದಳು. ಕೊನೆಯಲ್ಲಿ 'ಧ್ವನಿ: ಸ್ಟುಡಿಯೋದ ಹುಡುಗಿ' ಅಂತ ಇತ್ತು. ಹಾಳೆಯನ್ನು ಮಡಚಿ ಕೊಟ್ಟು ಎದ್ದು ಹಿತ್ತಿಲಿಗೆ ಹೋದಳು.

ಯೋಗಿತಾ ಹಿಂದೆಯೇ ಓಡಿದಳು. "ಎಂತಾ ಆಯ್ತೆ? ಅವ್ಳ ಸ್ವರ ಚಲೋ ಇದೆ, ಜೇನಿನ ಹಾಂಗೆ!"

ಧನಲಕ್ಷ್ಮಿ ಸೋದರಸೊಸೆಯ ಕಿವಿ ಹಿಡಿದು ಹತ್ತಿರ ಎಳೆದು ಉಸುರಿದಳು: "ಕೈ ನಂದು, ಬಾಯಿ ಮತ್ತೊಬ್ಳದ್ದೊ? ಹಾಂಗಾದ್ರೆ ನಾ ಪೂರಾ ಮೂಕಿ ಆದಂಗೆ ಆಯ್ತಲೆ. ಬ್ಯಾಡ."

"ಮಾತೇ ಇಲ್ದೆ ಜನಕ್ಕೆ ತಿಳೀಬೇಕಲ ಅತ್ತೆ!"

ಬಾಗಿಲಲ್ಲಿ ಬಲೆ ಹೊಲಿಯುತ್ತ ಕೂತಿದ್ದ ದತ್ತಾ, ಅಂದರೆ ಧನಲಕ್ಷ್ಮಿಯ ಗಂಡ, ನಕ್ಕುಬಿಟ್ಟ. "ಜನಕ್ಕೆ ಎಂತಕೆ, ನಂಗೇ ತೋರ್ಸಿ. ಮಾತಿಲ್ದ ವಿಡಿಯೋ ನೋಡಿ ನಾ ಸಾರು ಮಾಡಿದ್ರೆ ಲೋಕದಲ್ಲಿ ಯಾರೂ ಮಾಡಬಹುದು." ಅದು ನಿಜವೇ. ಸಮುದ್ರದಲ್ಲಿ ಅರ್ಧ ಆಯುಷ್ಯ ಕಳೆದ ಗಂಡಸು, ಮೀನು ಹಿಡಿಯಲು ಬಲ್ಲ, ಸೀಳಲು ಬಲ್ಲ. ಒಲೆಯ ಹತ್ತಿರ ಬೀಡಿ ಹಚ್ಚಿಕೊಳ್ಳಲು ಮಾತ್ರ ಹೋದವನು.

ಹೀಗೆ ಕರಾರಾಯಿತು. ದತ್ತಾನ ಸಾರು ಸರಿಯಾದರೆ ಧ್ವನಿ ಬೇಡ. ಕೆಟ್ಟರೆ ಸ್ಟುಡಿಯೋದ ಹುಡುಗಿಯೇ ಮಾತಾಡುವುದು, ಅತ್ತೆ ಮುಖ ಊದಿಸಿಕೊಳ್ಳಬಾರದು. ಧನಲಕ್ಷ್ಮಿ ಒಪ್ಪಿಕೊಂಡಳೇನೋ ಹೌದು, ಆದರೆ ಒಳಗೊಳಗೇ ಹೆದರಿದ್ದಳು.

ಶೂಟಿಂಗ್ ದಿನ ಯೋಗಿತಾ ಕ್ಯಾಮೆರಾ ಸ್ಟ್ಯಾಂಡು, ಒಂದು ದೀಪ ತಂದಳು. ಅತ್ತೆ ಎಂದಿನಂತೆ ಬೆಳಿಗ್ಗೆಯೇ ಬಂಗಡೆ ಸೀಳಿ ಚೊಕ್ಕ ಮಾಡಿ ಮುಚ್ಚಿಟ್ಟಿದ್ದಳು. ಯೋಗಿತಾ ಮೊದಲು ಸಾಮಾನುಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಇಟ್ಟು ಮೇಲಿಂದ ಚಿತ್ರ ತೆಗೆದಳು: ಆರು ಬಂಗಡೆ, ಒಂದು ಬಟ್ಟಲು ಕಾಯಿತುರಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಕಾಳು, ಅರಿಶಿನ, ಹುಣಸೆ, ಒಂದು ಈರುಳ್ಳಿ. ಪಕ್ಕದಲ್ಲಿ ತೆಪ್ಪಲ, ನಾಲಿಗೆಯನ್ನು ಜುಮ್ಮೆನ್ನಿಸುವ ಆ ಪುಟ್ಟ ಕಾಯಿ. ಒಂದೊಂದರ ಹೆಸರು, ಅಳತೆ ಅದರದರ ಪಕ್ಕದಲ್ಲೇ ಮೂಡಬೇಕು, ಕೈಗೆ ಅಡ್ಡ ಬರಬಾರದು ಎಂದು ಚಿತ್ರದ ಎಡಬದಿ ಖಾಲಿ ಬಿಟ್ಟುಕೊಂಡಳು.

ಮಸಾಲೆ ಅರೆಯುವಾಗ ಕ್ಯಾಮೆರಾ ಹತ್ತಿರ. ಧನಲಕ್ಷ್ಮಿ ಎರಡು ಬೆರಳ ನಡುವೆ ಮಸಾಲೆ ಉಜ್ಜಿ ತೋರಿಸಿದಳು, ತರಿ ಸಿಗಬಾರದು. ತೆಪ್ಪಲವನ್ನು ಕಲ್ಲಿನಿಂದ ಸ್ವಲ್ಪ ಜಜ್ಜಿ, ಒಳಗಿನ ಕಪ್ಪು ಬೀಜವನ್ನು ಉಗುರಿನಿಂದ ಕಿತ್ತೆಸೆದಳು. ಅಲ್ಲೂ ಹತ್ತಿರ, ಯಾಕೆಂದರೆ ಬೀಜ ಉಳಿದರೆ ಸಾರು ಕಹಿ. ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು, ಜಜ್ಜಿದ ತೆಪ್ಪಲ. ಆಮೇಲೆ ಸೌಟಿಗೆ ಕೆಲಸವಿಲ್ಲ. ಬಟ್ಟೆಯಲ್ಲಿ ಮಣ್ಣಿನ ಗಡಿಗೆಯ ಕಂಠ ಹಿಡಿದು ಮೆಲ್ಲನೆ ತಿರುಗಿಸುವುದು, ಮಗುವಿನ ತೊಟ್ಟಿಲು ತೂಗಿದ ಹಾಗೆ. ಅದು ಸ್ಕ್ರಿಪ್ಟಿನಲ್ಲಿ ದಪ್ಪ ಕೆಂಪು ಚುಕ್ಕೆ.

ಮೀನು ಬೇಯುವ ಏಳು ನಿಮಿಷವನ್ನು ಯೋಗಿತಾ ಎಂಟು ಸೆಕೆಂಡಿಗೆ ಇಳಿಸಿ, ಮೂಲೆಯಲ್ಲಿ ಗಡಿಯಾರ ಓಡಿಸಿ 'ಸಣ್ಣ ಉರಿ, ೭ ನಿಮಿಷ' ಎಂದು ಬರೆದಳು. ಇಡೀ ವಿಡಿಯೋ ನಾಲ್ಕೂವರೆ ನಿಮಿಷಕ್ಕೆ ಬಂತು. ಚೊಕ್ಕವಾಗಿದೆ ಎಂದು ಅವಳಿಗೇ ಹೆಮ್ಮೆ.

ಮರುವಾರ ದತ್ತಾ ಲುಂಗಿ ಎತ್ತಿ ಕಟ್ಟಿ ಅಡುಗೆಮನೆಗೆ ಇಳಿದ. ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಆನಿಸಿ ಇಟ್ಟರು. ವಿಡಿಯೋ ಹೇಳಿದ್ದಷ್ಟೇ ಮಾಡಬೇಕು, ಮನೆಯವರು ತುಟಿ ಬಿಚ್ಚಬಾರದು ಎಂದು ಯೋಗಿತಾಳ ಕಟ್ಟಪ್ಪಣೆ. ಧನಲಕ್ಷ್ಮಿ ಹೊಸಿಲ ಮೇಲೆ ಕೂತು ಸೆರಗಿನ ತುದಿ ಹಿಂಡುತ್ತಿದ್ದಳು.

"ಹೋಯ್, ಕೊತ್ತಂಬರಿ ಎಷ್ಟು? ಓದೂ ಮೊದ್ಲೇ ಓಡ್ಹೋಯ್ತಲ!" ಎಂದು ದತ್ತಾ ಕೂಗಿದ. ನಿಲ್ಲಿಸೋಣವೆಂದರೆ ಕೈಯೆಲ್ಲ ಮೀನು. ಮೂಗಿನಿಂದ ಪರದೆ ಒತ್ತಲು ಹೋದರೆ ಅದು ಮತ್ತೆ ಮೊದಲಿಂದ ಶುರುವಾಯಿತು. ಯೋಗಿತಾ ಬಿದ್ದು ಬಿದ್ದು ನಕ್ಕಳು, ಆದರೆ ಹಾಳೆಯಲ್ಲಿ ಗುರುತು ಹಾಕಿಕೊಂಡಳು. ಅಕ್ಷರ ಎರಡು ಸಲ ನಿಧಾನ ಓದುವಷ್ಟು ಹೊತ್ತು ನಿಲ್ಲಬೇಕು. ಮುಂದಿನದು ಬರುವ ಮೊದಲು ಎಚ್ಚರಿಸುವ ಏನಾದರೂ ಬೇಕು.

ಅಂತೂ ಸಾರು ಆಯಿತು. ಬಣ್ಣ ಸರಿ, ಪರಿಮಳ ಸರಿ, ಮೀನು ಒಂದೂ ಒಡೆದಿಲ್ಲ. ಧನಲಕ್ಷ್ಮಿಯ ಮುಖ ಅರಳಿತು. ದತ್ತಾ ಅನ್ನಕ್ಕೆ ಸುರಿದುಕೊಂಡು ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದ.

"ಉಪ್ಪೇ ಇಲ್ಲ ಇದ್ಕೆ."

ಯೋಗಿತಾ ರುಚಿ ನೋಡಿದಳು. ಹೌದು, ಸಪ್ಪೆ. ವಿಡಿಯೋ ಮೊದಲಿಂದ ಕೊನೆವರೆಗೆ ಓಡಿಸಿದಳು. ಉಪ್ಪೆಂಬ ಅಕ್ಷರ ಎಲ್ಲೂ ಇಲ್ಲ, ಉಪ್ಪು ಹಾಕುವ ಕೈಯೂ ಇಲ್ಲ.

"ಅತ್ತೆ, ನೀ ಅವತ್ತು ಉಪ್ಪೇ ಮರ್ತಿದ್ಯಲೆ! ಬಿಡು, ಕರಾರು ಕರಾರೇ. ನಾಳೆ ಅವ್ಳಿಗೆ ಹೇಳ್ತೆ."

ಧನಲಕ್ಷ್ಮಿ ಹೊಸಿಲಿನಿಂದ ಎದ್ದಳು. ಮರೆತದ್ದೇ? ಅವತ್ತಿನ ಸಾರನ್ನು ಇದೇ ಯೋಗಿತಾ ಎರಡು ಸಲ ಬಡಿಸಿಕೊಂಡು ಉಂಡಿದ್ದಳಲ್ಲ! ಹೇಳಲು ಬಾಯಿ ತೆರೆದಳು, ಗಾಳಿ ಬಂತು. ಇವರಿಬ್ಬರೂ ತಮ್ಮ ತಮ್ಮಲ್ಲೇ ಮಾತಾಡುತ್ತಿದ್ದಾರೆ, ಇವಳ ಕಡೆ ತಿರುಗುವವರೇ ಇಲ್ಲ. ಮಾರ್ಕೆಟ್ಟೇ ಮನೆಗೆ ಬಂದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಮೀನು ಕೊಯ್ಯುವ ಹಲಗೆ ಎಳೆದು ಅಂಗೈಯಿಂದ ಬಡಿದಳು.

ಟಪ್ ಟಪ್!

ಇಬ್ಬರೂ ಬೆಚ್ಚಿ ತಿರುಗಿದರು. ಧನಲಕ್ಷ್ಮಿ ಬುಟ್ಟಿಯಿಂದ ಒಂದು ಬಂಗಡೆ ತೆಗೆದು ಸೀಳಿದಳು, ಕರುಳು ಕಿತ್ತಳು, ತೊಳೆದಳು. ಅದೇ ಕೈ ತನ್ನಷ್ಟಕ್ಕೆ ಉಪ್ಪಿನ ಮರಿಗೆಗೆ ಹೋಗಿ ಒಂದು ಚಿಟಿಕೆ ತೆಗೆದು ಮೀನಿನ ಮೈಗೆಲ್ಲ ಸವರಿತು. ಆಮೇಲೆ ತೊಳೆಯುವುದಿಲ್ಲ, ಆ ಉಪ್ಪುನೀರಿನ ಸಮೇತವೇ ಗಡಿಗೆಗೆ. ಮಾಜಾಳಿಯ ಯಾವ ಮನೆಯಲ್ಲೂ ಅದನ್ನು ಅಡುಗೆ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ಮೀನು ಚೊಕ್ಕ ಮಾಡುವುದರಲ್ಲೇ ಬಂತು. ಅಡುಗೆ ಶುರುವಾಗುವುದು ಮಸಾಲೆ ಕಲ್ಲಿನಿಂದ. ಯೋಗಿತಾಳ ಕ್ಯಾಮೆರಾವೂ ಅಲ್ಲಿಂದಲೇ ಶುರುವಾಗಿತ್ತು. ಅವಳೂ ಇದೇ ಮನೆತನದವಳಲ್ಲವೇ.

ಯೋಗಿತಾ ತಲೆ ಚಚ್ಚಿಕೊಂಡಳು. "ಅಯ್ಯೋ ದೇವ್ರೆ! ಮನೇಲಿ ನನ್ನ ಆಯಿನೂ ಹಾಂಗೇ ಮಾಡೂದು! ನಾ ಬರೆಯೂದೇ ಬಿಟ್ಟೆ." ಹಾಳೆ ಬಿಡಿಸಿ ನೋಡಿ ಮತ್ತೆ ಅಂದಳು: "ಆ ಹುಡುಗಿ ಓದಿದ್ರೂ ಉಪ್ಪು ಬರ್ತಿರ್ಲಿಲ್ಲ ಅತ್ತೆ. ಹಾಳೇಲೇ ಇಲ್ಲ, ಅವ್ಳು ಎಲ್ಲಿಂದ ಹೇಳ್ತಿದ್ಲು?"

ಧನಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮತ್ತೊಂದು ಸಲ ಬಡಿಯೆ ಅದನ್ನ," ಎಂದಳು ಯೋಗಿತಾ, ಹಲಗೆಯ ಕಡೆ ಕೈ ತೋರಿಸುತ್ತ. "ಅದೇ ಬೇಕು ನಂಗೆ."

ಎರಡನೆಯ ಸಲ ಚಿತ್ರೀಕರಣ ಬುಟ್ಟಿಯಿಂದಲೇ ಶುರುವಾಯಿತು. ಮೀನಿಗೆ ಉಪ್ಪು ಸವರುವ ಕೈಯ ಮೇಲೆ ಕ್ಯಾಮೆರಾ ಎಲ್ಲಕ್ಕಿಂತ ಹತ್ತಿರ. ಪಕ್ಕದಲ್ಲಿ 'ಉಪ್ಪು, ಎರಡು ಸಣ್ಣ ಚಮಚ. ಹಚ್ಚಿದ ಮೇಲೆ ತೊಳೆಯಬೇಡಿ'. ಪ್ರತಿ ಹಂತದ ಮೊದಲು ಧನಲಕ್ಷ್ಮಿಯ ಅಂಗೈ ಹಲಗೆಗೆ ಬಡಿಯುತ್ತದೆ, ಆಮೇಲೆ ಅಕ್ಷರ ಮೂಡುತ್ತದೆ, ಎರಡು ಸಲ ಓದುವಷ್ಟು ಹೊತ್ತು ನಿಲ್ಲುತ್ತದೆ. ಹಾಡು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಕಲ್ಲಿನ ಗರಗರ, ಸಾರಿನ ಕೊತಕೊತ, ಬಳೆ ಸದ್ದು ಅಷ್ಟೇ. ಸೌಟನ್ನು ಎತ್ತಿ ತೋರಿಸಿ ಬೆರಳು ಅಲ್ಲಾಡಿಸಿ ಪಕ್ಕಕ್ಕೆ ಎಸೆದದ್ದು ಮಾತ್ರ ಸ್ಕ್ರಿಪ್ಟಿನಲ್ಲಿ ಇರಲಿಲ್ಲ, ಅದು ಅವಳದೇ. ಯೋಗಿತಾ ಅದನ್ನು ಕತ್ತರಿಸದೆ ಉಳಿಸಿಕೊಂಡಳು.

ದತ್ತಾ ಹೊಸ ವಿಡಿಯೋ ನೋಡಿ ಎರಡನೆಯ ಸಲ ಸಾರು ಮಾಡಿ ಉಂಡ. ಇನ್ನಷ್ಟು ಅನ್ನಕ್ಕೆ ತಟ್ಟೆ ಮುಂದೆ ಚಾಚಿದ, ಧನಲಕ್ಷ್ಮಿಗೆ ಅಷ್ಟು ಸಾಕಾಯಿತು. ಯೋಗಿತಾ ಅಲ್ಲೇ ಕೂತು ಹಾಳೆಯ ಕೊನೆಯ ಸಾಲಿನ 'ಧ್ವನಿ' ಎದುರಿಗಿದ್ದುದನ್ನು ಹೊಡೆದುಹಾಕಿದಳು.

ವಿಡಿಯೋ ಇಂಟರ್ನೆಟ್ಟಿಗೆ ಹೋಗಿ ಕೆಲವು ದಿನ ಏನೂ ಆಗಲಿಲ್ಲ. ಮಾರ್ಕೆಟ್ಟಿನಲ್ಲಿ ಅದೇ ಟಪ್ ಟಪ್, ಅದೇ ಗಿರಾಕಿ. ಯಾರು ನೋಡುತ್ತಾರೆ ಬಿಡು ಎಂದು ಧನಲಕ್ಷ್ಮಿ ಆಸೆಯನ್ನೇ ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಬಿಣಗಾ ಕ್ವಾರ್ಟರ್ಸಿನ ಹೆಂಗಸೊಬ್ಬಳು ಗುಂಪಿನಲ್ಲಿ ಹಾದುಹೋಗುತ್ತಿದ್ದವಳು ಹಲಗೆಯ ಸದ್ದು ಕೇಳಿ ಗಕ್ಕನೆ ನಿಂತಳು. ತಿರುಗಿ ಬಂದು ಇವಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಮ್ಮಾ, ನಿನ್ನೆ ಮಾಡಿದ್ದೆ. ಸೌಟು ಮುಟ್ಟಲೇ ಇಲ್ಲ, ನೀವು ಹೇಳಿದ್ರಲ್ಲ ಹಾಗೇ. ಮನೇಲಿ ಎಲ್ಲ ಬೆರಳು ಚೀಪಿದ್ರು. ಇವತ್ತು ತಾರ್ಲೆ ಮೀನು ತಗೊಳ್ಳೋಣ ಅಂತಿದ್ದೇನೆ. ಅದಕ್ಕೆ ತೆಪ್ಪಲ ಎಷ್ಟು ಹಾಕಬೇಕು?"

ನೀವು ಹೇಳಿದ್ರಲ್ಲ. ಧನಲಕ್ಷ್ಮಿ ಆ ಹೆಂಗಸಿನ ಮುಖವನ್ನೇ ನೋಡಿದಳು. ಪಾಪ ಎನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ. ಐದು ಬೆರಳು ಎತ್ತಿ ತೋರಿಸಿದಳು. ಆಮೇಲೆ ಕಪ್ಪು ಬೀಜ ಕಿತ್ತೆಸೆಯುವಂತೆ ಉಗುರು ಚಿಮ್ಮಿಸಿ, ಹುಬ್ಬು ಗಂಟಿಕ್ಕಿ ಗದರಿಸಿದಳು.

ಹೆಂಗಸು ಮಕ್ಕಳ ಹಾಗೆ ತಲೆಯಾಡಿಸಿದಳು.