ಕತ್ತಲ ಅಡುಗೆಮನೆ ಮತ್ತು ಆರು ಜಿಬಿಯ ಕಾರ್ಡ್

ಆ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಕಾರವಾರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಅಂಕೋಲೆಯಲ್ಲಿ ತಂಗಿ ಮನೆಗಳ ನಕ್ಷೆ ಮಾಡುತ್ತಾಳೆ, ಕಟ್ಟುವ ಮೊದಲೇ ಮನೆಯೊಳಗೆ ಪರದೆಯ ಮೇಲೆ ಓಡಾಡಿಸಿ ತೋರಿಸುತ್ತಾಳೆ. ಕದ್ವಾಡದ ಒಬ್ಬ ಅಮ್ಮನಿಗೆ ಹೊಸ ಅಡುಗೆಮನೆಯ ಬೆಳಕು ಹೇಗೆ ಬರುತ್ತದೆಂದು ಸಂಜೆ ತೋರಿಸಬೇಕಿತ್ತು. ಅವರು ಹೂಂ ಅಂದರೆ ಸೋಮವಾರ ಪಾಯ ತೋಡುವುದು.

ಬೆಳಿಗ್ಗೆಯೇ ತಂಗಿಯ ಫೋನ್. "ಅಣ್ಣ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ದೆ. ರೇ ಟ್ರೇಸಿಂಗ್ ಆನ್ ಮಾಡಿದ್ರೆ ಚಿತ್ರ ತಡವರಿಸ್ತದೆ."

ಬಸ್ಸು ಹತ್ತಿ ಹೋದೆ. ಪೆಟ್ಟಿಗೆ ಮೇಲೆ 'ರೇ ಟ್ರೇಸಿಂಗ್' ಅಂತ ಮಿರಿಮಿರಿ ಅಕ್ಷರ, ಒಳಗೆ ಆರೇ ಜಿಬಿ ಮೆಮೊರಿಯ ಬಡಕಲು ಕಾರ್ಡ್! ರೇ ಟ್ರೇಸಿಂಗ್ ಅಂದರೆ ಕಿರಣದ ಲೆಕ್ಕ; ಬೆಳಕಿನ ಒಂದೊಂದು ಕಿರಣ ಎಲ್ಲಿ ಬಡಿದು ಎತ್ತ ತಿರುಗುತ್ತದೆಂದು ಲೆಕ್ಕ ಹಾಕಲು ಅದಕ್ಕೆ ಶಕ್ತಿಯೂ ಸಾಲದು, ಇಡೀ ಮನೆಯನ್ನು ಹಿಡಿದಿಡಲು ಜಾಗವೂ ಸಾಲದು. ವಾಪಸ್ ಕೊಡೋಣವೆಂದರೆ ಇವಳು ಕಾರ್ಡಿಗೇ ಕುಂಕುಮ ಹಚ್ಚಿ ಪೂಜೆ ಮಾಡಿದ್ದಾಳೆ. ಮಾರಿದ ಅಂಗಡಿಯವ ಅದನ್ನು ಮುಟ್ಟಲೂ ಇಲ್ಲವಂತೆ.

"ಅಪ್‌ಸ್ಕೇಲಿಂಗ್ ಹಾಕಿ, ಓಡ್ತದೆ" ಅಂದನಂತೆ ಆ ಮಹಾಶಯ. ಹಾಕಿದೆವು. ಚಿತ್ರವನ್ನು ಕಡಿಮೆ ಚುಕ್ಕೆಗಳಲ್ಲಿ ಬಿಡಿಸಿ ದೊಡ್ಡದು ಮಾಡುವುದು ಅದರ ಕೆಲಸ. ದೊಡ್ಡ ಪರದೆಗೆ, ಗಟ್ಟಿ ಕಾರ್ಡಿಗೆ ಅದು ನಿಜಕ್ಕೂ ವರ. ಇಲ್ಲಿ ಕಿಟಕಿಯ ಸರಳುಗಳೆಲ್ಲ ಕಲಸಿಹೋದವು, ಮೆಮೊರಿಯಲ್ಲಿ ಜಾಗವೂ ಅಷ್ಟೇನೂ ಉಳಿಯಲಿಲ್ಲ. ನಡುನಡುವೆ ಚಿತ್ರ ಹುಟ್ಟಿಸುವ ಫ್ರೇಮ್ ಜನರೇಶನ್ನನ್ನೂ ನೋಡಿಯಾಯಿತು. ಪರದೆಯ ಮೂಲೆಯಲ್ಲಿ ವೇಗ ತೋರಿಸುವ ಅಂಕಿ ಏರಿತು, ಮೌಸ್ ಮಾತ್ರ ಕೆಸರಲ್ಲಿ ಸಿಕ್ಕ ಕಾಲು.

"ಯಾವ ಬುದ್ಧಿಗೇಡಿ ಇದನ್ನ ತಗೊ ಅಂದಿದ್ದು?" ಎಂದು ಕೂಗಿದೆ.

"ನೀನೇ ಅಣ್ಣ. ಫೋನಲ್ಲಿ. ರೇ ಟ್ರೇಸಿಂಗ್ ಅಂತ ಬರ್ದಿದ್ರೆ ಸಾಕು ಅಂದೆ."

ಹೌದು, ಅಂದಿದ್ದೆ. ಎದುರಿಗೆ ಗಿರಾಕಿ ಇದ್ದ, ಎಷ್ಟು ಜಿಬಿ ಅಂತ ಕೇಳುವ ತಾಳ್ಮೆ ನನಗಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. "ಆಫ್ ಮಾಡಿ ತೋರಿಸು ಮಾರಾಯ್ತಿ! ಯಾರಿಗೆ ಗೊತ್ತಾಗ್ತದೆ?"

ಆಫ್ ಮಾಡಿದರೆ ಅಡುಗೆಮನೆ ಲಕಲಕ ಹೊಳೆಯುತ್ತಿತ್ತು, ಎಲ್ಲ ಮೂಲೆಗೂ ಒಂದೇ ಸಮನೆ ಸುಳ್ಳು ಬೆಳಕು. "ಇದನ್ನ ತೋರ್ಸುದಿಲ್ಲ" ಎಂದು ತಂಗಿ ಕೈಕಟ್ಟಿ ಕೂತಳು.

ಹಲ್ಲು ಕಚ್ಚಿಕೊಂಡು ಕಾರವಾರಕ್ಕೆ ಮರಳಿದೆ. ನನ್ನ ಮಷಿನ್‌ನಿಂದ ಹನ್ನೆರಡು ಜಿಬಿಯ ಕಾರ್ಡ್ ಬಿಚ್ಚಿದೆ. ಹಳೆಯದು, ಆದರೆ ಕಿರಣದ ಲೆಕ್ಕಕ್ಕೆ ದುಪ್ಪಟ್ಟು ಗಟ್ಟಿ. ಅದಕ್ಕೆ ಬೇರೆ ವಿದ್ಯುತ್ ತಂತಿ ಬೇಕು, ತಂಗಿಯ ಪವರ್ ಸಪ್ಲೈಯಲ್ಲಿ ಅದಿಲ್ಲ. ನನ್ನ ಪವರ್ ಸಪ್ಲೈಯನ್ನೂ ಬಿಚ್ಚಿ ಚೀಲಕ್ಕೆ ತುಂಬಿ ಮತ್ತೆ ಅಂಕೋಲೆಗೆ ಹೋದೆ.

ಸಂಜೆ ಆ ಅಮ್ಮ ಬಂದರು. ರೇ ಟ್ರೇಸಿಂಗ್, ಜೊತೆಗೆ ಹದವಾಗಿ ಅಪ್‌ಸ್ಕೇಲಿಂಗ್. ಚಿತ್ರ ಸರಾಗ ಓಡಿತು. ಪಕ್ಕದ ಗೋಡೆ ಬೆಳಕು ತಡೆದು ಅಡುಗೆಮನೆ ಮಬ್ಬುಗತ್ತಲೆ. ಒಲೆಯ ಜಾಗವಂತೂ ಕಾಣಿಸಲೇ ಇಲ್ಲ.

ಅಮ್ಮ ಪರದೆಯ ಮೇಲೆ ಒಲೆಯ ಜಾಗಕ್ಕೆ ಬೆರಳಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಮೂವತ್ತು ವರ್ಷ ಇಂಥ ಕತ್ತಲೆಯಲ್ಲೇ ಬೇಯ್ಸಿದ್ದೆ ತಮ್ಮಾ. ಇದನ್ನ ನೋಡದೆ ಇದ್ರೆ ಸೋಮವಾರ ಮತ್ತೆ ಅದನ್ನೇ ಕಟ್ಟಿಸ್ಕೊಳ್ತಿದ್ದೆ."