ಅನ್ನ ಬಂದ ಮೇಲೆ

ಬದನೆಕಾಯಿಯ ಎಣ್ಣೆಗಾಯಿಯನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಮೊಮ್ಮಕ್ಕಳು ಬೇಕೆಂದೇ ನನ್ನೆದುರು ಹಾಗೆ ಕಲಸಿ ನಗುತ್ತಾರೆ. ನಗಲಿ ಪಾಪ, ಅವರಿಗೇನು ಗೊತ್ತು. ಶೇಂಗಾ, ಗುರೆಳ್ಳು ಕುಟ್ಟಿ ತುಂಬಿ, ಎಣ್ಣೆ ತೇಲುವವರೆಗೆ ಸಣ್ಣ ಉರಿಯಲ್ಲಿಟ್ಟ ಆ ಪಲ್ಯ ಇರುವುದೇ ಬಿಸಿ ಜೋಳದ ರೊಟ್ಟಿಗಾಗಿ. ಅನ್ನಕ್ಕೆ ಹಾಕಿದರೆ ಎಣ್ಣೆ ಒಂದು ಕಡೆ, ಅಗುಳು ಒಂದು ಕಡೆ. ಆದರೆ ನನ್ನ ಸಿಟ್ಟು ಬರೀ ರುಚಿಯದಲ್ಲ, ಅದನ್ನು ಈಗಲಾದರೂ ಹೇಳಿಬಿಡಬೇಕು.

ಘಟಪ್ರಭಾ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಖಾನಾವಳಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಮನೆಯ ಮುಂದಿನ ಪಡಸಾಲೆಯಲ್ಲೇ ಅದನ್ನು ಶುರುಮಾಡಿದ್ದಳು. ಗೋಕಾಕ ಫಾಲ್ಸಿನ ಗಿರಣಿಗೆ ಹೋಗಿಬರುವವರು, ಮೂಡಲಗಿಯ ಪೇಟೆಗೆ ಬೆಲ್ಲ ಹಾಕಲು ಬಂದವರು, ರೈಲು ತಪ್ಪಿಸಿಕೊಂಡು ಮುಖ ಸಣ್ಣ ಮಾಡಿಕೊಂಡವರು, ಎಲ್ಲರೂ ಬರುತ್ತಿದ್ದರು. ಅವ್ವ ಅಡಿಗೆ ಮಾಡುವುದು, ಅಕ್ಕ ಬಡಿಸುವುದು, ನಾನು ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುವುದು. ನನ್ನ ಹದಿಹರೆಯವೆಲ್ಲ ಆ ಹಂಚಿನ ಮುಂದೆಯೇ ಕಳೆಯಿತು ಎಂದರೂ ನಡೆಯುತ್ತದೆ.

ಯಾವುದಕ್ಕೆ ಯಾವುದು ಎಂಬುದರಲ್ಲಿ ಅವ್ವ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಬಿಸಿ ರೊಟ್ಟಿಗೆ ಎಣ್ಣೆಗಾಯಿ, ಝುಣಕ, ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯ. ಕಟಕ್ಕನೆ ಮುರಿಯುವ ಒಣ ರೊಟ್ಟಿಗೆ ಕೆಂಪು ಖಾರ ಮತ್ತು ಗಟ್ಟಿ ಮೊಸರು. ಚಪಾತಿ ಮೆತ್ತಗಿನದು, ಅದಕ್ಕೆ ಖಾರದ ಎಣ್ಣೆ ಆಗಿಬರುವುದಿಲ್ಲ, ಬೆಳ್ಳುಳ್ಳಿ ಒಗ್ಗರಣೆಯ ಗಟ್ಟಿ ತೊಗರಿಬೇಳೆ ಬೇಕು. ಬೆಳಗಿನ ಗಾಡಿಯವರ ದೋಸೆಗೆ ಬಟಾಟೆ ಪಲ್ಯ, ಕೊಬ್ಬರಿ ಚಟ್ನಿ. ಅನ್ನಕ್ಕೆ ತೆಳ್ಳನೆಯ ಸಾರು. ಖಾನಾಪುರ ಕಡೆಯ ಹೊಸ ಅಕ್ಕಿ ಮುದ್ದೆಯಾಗುತ್ತದೆಂದು ಅದನ್ನು ಮೊಸರಿಗೆ ಇಡುತ್ತಿದ್ದಳು, ಉದುರುದುರಾಗುವ ಹಳೆಯ ಅಕ್ಕಿಯನ್ನು ಮಸಾಲೆ ಅನ್ನಕ್ಕೆ. ಪುಣೆಯ ಕಡೆಯಿಂದ ಬಂದ ರೈಲ್ವೆಯವರೊಬ್ಬರು ಆ ಮಸಾಲೆ ಅನ್ನವನ್ನು ಪುಲಾವ್ ಎಂದು ಕರೆದು, ಮೇಲೆ ಬೇಳೆ ಸಾರು ಕೇಳಿದಾಗ ಅವ್ವ ಉಳ್ಳಾಗಡ್ಡಿ ಹಾಕಿದ ಮೊಸರನ್ನು ತಂದಿಟ್ಟು, ಸಾರು ಮುಗಿದಿದೆ ಎಂದು ಹಸಿ ಸುಳ್ಳು ಹೇಳಿದ್ದಳು. ಮಸಾಲೆಯ ಮೇಲೆ ಸಾರು ಸುರಿದರೆ ಎರಡೂ ಕೆಟ್ಟವು ಎಂಬುದು ಅವಳ ವಾದ.

ಇವೆಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು. ನಮ್ಮ ಕಡೆ ಊಟ ಶುರುವಾಗುವುದು ರೊಟ್ಟಿಯಿಂದ, ಮುಗಿಯುವುದು ಅನ್ನದಿಂದ. ತಾಟಿಗೆ ಅನ್ನ ಬಿತ್ತೆಂದರೆ ರೊಟ್ಟಿ ಮುಗಿಯಿತು, ಇನ್ನು ಕೈ ತೊಳೆಯುವ ಹೊತ್ತು. ಆದ್ದರಿಂದ ಬಡಿಸುವವರು ರೊಟ್ಟಿಯನ್ನೇ ಮತ್ತೆ ಮತ್ತೆ ಕೇಳಬೇಕು, ಬೇಡಬೇಡವೆಂದರೂ ಅರ್ಧ ಮುರಿದು ಹಾಕಬೇಕು. ಅನ್ನ ತರಲು ಹೇಳುವವನು ಉಣ್ಣುವವನೇ. ಅವನು ಕೇಳುವ ಮೊದಲೇ ಅನ್ನ ತಂದರೆ, ಎದ್ದು ನಡೆ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಅಕ್ಕ ಲಂಗ ಉಡುವ ಕಾಲದಿಂದಲೂ ಆ ಪಡಸಾಲೆಯಲ್ಲಿ ಬಡಿಸಿದವಳು. ಇದನ್ನು ನೆನಪಿಟ್ಟುಕೊಳ್ಳಿ.

ಅಕ್ಕನನ್ನು ಮೂಡಲಗಿಗೆ ಕೊಟ್ಟಿದ್ದೆವು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಗಂಡ ಜ್ವರದಲ್ಲಿ ಹೋಗಿಬಿಟ್ಟ. ಎದೆಹಾಲು ಕುಡಿಯುವ ಹೆಣ್ಣು ಕೂಸನ್ನು ಎತ್ತಿಕೊಂಡು ಅವಳು ತಿರುಗಿ ಬಂದಳು, ಮರುದಿನವೇ ಸೆರಗು ಸಿಕ್ಕಿಸಿ ಬಡಿಸಲು ನಿಂತಳು. ಕೂಸಿಗೆ ಒಂದು ಚಟ. ತನ್ನ ತಾಯಿಯ ಸೆರಗಿನ ತುದಿಯನ್ನು ಮುಷ್ಟಿಗೆ ಸುತ್ತಿಕೊಳ್ಳದೆ ನಿದ್ದೆ ಮಾಡುತ್ತಿರಲಿಲ್ಲ. ನಡೆಯಲು ಕಲಿತ ಮೇಲೂ ಅದು ಹೋಗಲಿಲ್ಲ.

ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಕೂಡಿಸುವುದಕ್ಕೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಅದರಲ್ಲಿ ಮರ್ಯಾದೆಗೇಡಿನದೇನೂ ಇಲ್ಲ. ಹುಕ್ಕೇರಿಯಿಂದ ಒಂದು ಸಂಬಂಧ ಬಂತು. ಹೆಂಡತಿ ಸತ್ತವನು, ಒಕ್ಕಲುತನದವನು, ನೀರಾವರಿ ಹೊಲ, ಮಕ್ಕಳಿಲ್ಲ. ಆಗಾಗ ನಮ್ಮಲ್ಲಿ ಉಂಡು ಹೋಗಿದ್ದ. ಮಾತು ಕಡಿಮೆ. ಅಕ್ಕ ಬಡಿಸುವಾಗ ತಾಟು ಬಿಟ್ಟು ಕಣ್ಣೆತ್ತುತ್ತಿರಲಿಲ್ಲ, ಅವಳು ಒಳಗೆ ಹೋಗುವಾಗ ಮಾತ್ರ ನೋಡುತ್ತಿದ್ದ. ಅದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅವನು ಬಂದ ದಿನ ಅವಳು ಎಣ್ಣೆಗಾಯಿಯ ಪಾತ್ರೆಯ ತಳದಿಂದ ಗಟ್ಟಿ ಮಸಾಲೆ ಕೆದಕಿ ಬಡಿಸುತ್ತಿದ್ದಳು.

ಆದರೆ ಅವನ ಮನೆಯಲ್ಲಿ ಯಜಮಾನಿಕೆ ಅಣ್ಣನದು. ಆ ಅಣ್ಣ ಮೊದಲೇ ಹೇಳಿ ಕಳಿಸಿದ್ದ, ಸೊಸೆಯಾಗಿ ಬರುವವಳು ಒಬ್ಬಳೇ ಬರಬೇಕು, ಕೂಸು ತಾಯಿಯ ತವರಿನಲ್ಲೇ ಬೆಳೆಯಲಿ. ಇದೂ ಹೊಸದಲ್ಲ, ಎಷ್ಟೋ ಉಡಿಕೆಗಳು ಹಾಗೇ ಆಗುತ್ತಿದ್ದವು. ಅವ್ವ ಒಪ್ಪಿದಳು. ಕೂಸನ್ನು ತಾನು ಸಾಕುತ್ತೇನೆ, ಮಗಳ ಮುಂದೆ ಇಡೀ ಬಾಳು ಬಿದ್ದಿದೆ ಎಂಬುದು ಅವಳ ಲೆಕ್ಕ. ತಾಯಿಯಾದವಳ ಲೆಕ್ಕವೇ ಅದು, ಅದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಾಗುವುದಿಲ್ಲ. ಅಕ್ಕನನ್ನು ಕೇಳಿದಾಗ ಅವಳು ತಲೆಯೆತ್ತದೆ ತೊಗರಿಬೇಳೆ ಆರಿಸುತ್ತಾ ಕೂತಿದ್ದಳು.

ಮಾತು ಮುಗಿಸಲು ಅಣ್ಣ ತಮ್ಮ ಇಬ್ಬರೂ ಒಂದು ಮಧ್ಯಾಹ್ನ ಬಂದರು. ಅವತ್ತು ಖಾನಾವಳಿ ಮುಚ್ಚಿ ಅವ್ವ ಅವರಿಗಷ್ಟೇ ಅಡಿಗೆ ಮಾಡಿದ್ದಳು. ಎಳೆಯ ಬದನೆಕಾಯಿಯ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಹಸಿ ಮೆಂತ್ಯ ಸೊಪ್ಪು, ಆಮೇಲೆ ಹೋಳಿಗೆ, ಹೋಳಿಗೆಯ ಬೇಳೆ ಬಸಿದ ನೀರಿನ ಕಟ್ಟಿನ ಸಾರು, ಅದರ ಜೊತೆಗೆ ಅಂಬೆಮೊಹರ ಅಕ್ಕಿಯ ಅನ್ನ. ಆ ಅನ್ನದ ಪರಿಮಳ ರಸ್ತೆಯವರೆಗೂ ಹೋಗಿತ್ತು. ಉಂಡೆದ್ದ ಮೇಲೆ ಎಲೆ ಅಡಿಕೆ ಕೈಗೆ ಕೊಟ್ಟರೆ ಮಾತು ಗಟ್ಟಿಯಾದಂತೆ.

ಅಣ್ಣನಾದವನು ಖುಷಿಯಿಂದಲೇ ಉಣ್ಣುತ್ತಿದ್ದ. ಎರಡನೆಯ ರೊಟ್ಟಿ ಇನ್ನೂ ಅರ್ಧ ಉಳಿದಿತ್ತು, ಹೋಳಿಗೆ ಇನ್ನೂ ಮುಚ್ಚಿದ ಬುಟ್ಟಿಯಲ್ಲೇ ಇತ್ತು. ಕೂಸು ಒಳಗೆ ಎದ್ದು, ಸೆರಗು ಸಿಗದೆ ಅಳಲು ಶುರುಮಾಡಿತು. ಬಾಯಲ್ಲಿ ತುತ್ತಿಟ್ಟುಕೊಂಡೇ ಅವನು ಅವ್ವನಿಗೆ ಹೇಳಿದ.

"ಈಗಿನಿಂದನ ರೂಢಿ ಮಾಡಿಸ್ರಿ ಅದಕ್ಕ. ನಾಕ ದಿನ ಅಳತೈತಿ, ಆಮ್ಯಾಲ ಮರೀತೈತಿ."

ಕೆಟ್ಟ ಮನುಷ್ಯನಲ್ಲ ಅವನು, ಸಮಾಧಾನಕ್ಕೆಂದೇ ಹೇಳಿದ್ದು. ಅಕ್ಕ ರೊಟ್ಟಿಗೆಂದು ನನ್ನ ಹತ್ತಿರ ಬಂದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತಿತ್ತು, ನಾನು ತೆಗೆದು ಚಾಚಿದೆ. ಅವಳು ಅದನ್ನು ನೋಡಿದಳು, ಮುಟ್ಟಲಿಲ್ಲ. ಅನ್ನದ ಪಾತ್ರೆಯನ್ನು ಎತ್ತಿಕೊಂಡಳು. ಇನ್ನೂ ರೊಟ್ಟಿ ನಡೆದಿದೆಯಲ್ಲ ಎಂದು ನಾನು ಅಂದದ್ದು ಅವಳ ಬೆನ್ನಿಗಷ್ಟೇ ತಾಗಿತು. ಹೋದವಳೇ ಅಣ್ಣನ ತಾಟಿನಲ್ಲಿ, ಎಣ್ಣೆಗಾಯಿಯ ಮೇಲೆಯೇ, ಮುರಿದ ರೊಟ್ಟಿ ಮುಚ್ಚಿಹೋಗುವಂತೆ ಅನ್ನ ಹಾಕಿದಳು. ತಮ್ಮನ ತಾಟಿಗೂ ಹಾಗೆಯೇ.

ಅಣ್ಣ ತಾಟನ್ನು ನೋಡಿದ. ಆಮೇಲೆ ಕೈ ಝಾಡಿಸಿ ಎದ್ದ.

"ನಮಗ ಏಳ್ರಿ ಅಂದಂಗಾತಲ್ರಿ ಇದು."

ಅವ್ವ ಕೈಮುಗಿದಳು, ತಪ್ಪಾಯಿತೆಂದಳು, ಹುಡುಗಿ ಗಾಬರಿಯಾಗಿದ್ದಾಳೆಂದಳು, ಹೋಳಿಗೆಯ ಬುಟ್ಟಿ ಹಿಡಿದು ಬಾಗಿಲಿನವರೆಗೂ ಹೋದಳು. ಅವನು ನಿಲ್ಲಲಿಲ್ಲ. ತಮ್ಮ ಮಾತ್ರ ಎದ್ದಿರಲಿಲ್ಲ. ತಾಟಿಗೆ ಬಿದ್ದ ಆ ಅನ್ನವನ್ನು ಎಣ್ಣೆಗಾಯಿಯ ಜೊತೆಗೇ ಕಲಸಿದ. ಸಾರು ಕೇಳಲಿಲ್ಲ. ತಲೆ ತಗ್ಗಿಸಿ, ಒಂದು ಅಗುಳು ಬಿಡದೆ ಉಂಡ. ಹೊರಗಿನಿಂದ ಅಣ್ಣ ಕೂಗಿದ ಮೇಲೆ ಎದ್ದು ಕೈ ತೊಳೆದು, ಯಾರನ್ನೂ ನೋಡದೆ ಹೊರಟುಹೋದ. ಅಕ್ಕ ಬಾಗಿಲ ಹಿಂದೆ ನಿಂತು ಅವನು ಉಣ್ಣುವುದನ್ನೆಲ್ಲ ನೋಡಿದ್ದಳು. ಅವಳೂ ಅವನನ್ನು ಬಯಸಿದ್ದಳೆಂದು ನನಗೆ ಖಚಿತವಾದದ್ದು ಆಗ, ಅವಳ ಮುಖ ನೋಡಿ. ಎಣ್ಣೆಗಾಯಿ ಕಲಸಿದ ಅನ್ನ ಕಂಡರೆ ನನಗೆ ಏನಾಗುತ್ತದೆ ಎಂದು ಈಗ ತಿಳಿಯಿತಲ್ಲ.

ಅವರು ಹೋದ ಮೇಲೆ ಅವ್ವ ಅಕ್ಕನೆದುರು ಬಂದು ನಿಂತಳು. ಅಷ್ಟರಲ್ಲಿ ಕೂಸು ಅಕ್ಕನ ಸೊಂಟದ ಮೇಲಿತ್ತು, ಸೆರಗು ಮುಷ್ಟಿಯಲ್ಲಿತ್ತು.

"ಗೊತ್ತಿದ್ದೂ ತಂದೀ?"

"ಕೈ ತಪ್ಪೇತಿ ಬೇ," ಎಂದಳು ಅಕ್ಕ.

ಅವ್ವ ಒಮ್ಮೆ ಕೂಸನ್ನು ನೋಡಿ, ಉಳಿದ ರೊಟ್ಟಿಗಳನ್ನು ಮುಚ್ಚಿಟ್ಟಳು. ಮುಂದೆ ಯಾರು ಕೇಳಿದರೂ, ನಮ್ಮ ಹುಡುಗಿಯ ಕೈ ತಪ್ಪಿತು ಎಂದೇ ಹೇಳುತ್ತಾ ಬಂದಳು. ಸಾಯುವವರೆಗೂ ಆ ಮಾತನ್ನು ಬದಲಿಸಲಿಲ್ಲ.

ಮತ್ತೆ ಯಾವ ಸಂಬಂಧವೂ ಬರಲಿಲ್ಲ. ಬಡಿಸಲು ಬಾರದವಳು ಎಂಬ ಹೆಸರು ಹುಕ್ಕೇರಿಯಿಂದ ಗೋಕಾಕದವರೆಗೂ ಹಬ್ಬಿತು. ಇಡೀ ತಾಲೂಕಿನಲ್ಲಿ ಅವಳಷ್ಟು ಚೆಂದ ಬಡಿಸುವವರಿರಲಿಲ್ಲ, ಆದರೆ ಹೆಸರೊಮ್ಮೆ ಹೋಯಿತೆಂದರೆ ಹೋಯಿತು. ನಾಲ್ಕಾರು ವರ್ಷಗಳಾದ ಮೇಲೆ ಹುಕ್ಕೇರಿಯ ಆ ತಮ್ಮ ಒಮ್ಮೆ ಬಂದ. ಆಗಲೇ ಬೇರೆ ಮದುವೆಯಾಗಿದ್ದ. ಮೂಲೆಯಲ್ಲಿ ಕೂತ. ಅಕ್ಕನೇ ಬಡಿಸಿದಳು. ರೊಟ್ಟಿ ಹಾಕಲೇ ಎಂದು ಕೇಳಿದಾಗಲೆಲ್ಲ ಅವನು ಬೇಡವೆನ್ನಲಿಲ್ಲ. ಅಷ್ಟು ಉಣ್ಣುವ ಆಳೂ ಅಲ್ಲ, ಕೊನೆಯ ರೊಟ್ಟಿಯನ್ನು ನೀರು ಕುಡಿದು ಕುಡಿದು ನುಂಗುತ್ತಿದ್ದ. ಅನ್ನ ಮಾತ್ರ ಕೇಳಲಿಲ್ಲ. ಗಾಡಿಯ ಸೀಟಿ ಕೇಳಿಸಿತು, ಅನ್ನವಿಲ್ಲದೆಯೇ ಎದ್ದುಹೋದ. ಅವನ ತಾಟನ್ನು ಅಕ್ಕ ತಾನೇ ತೊಳೆದಳು, ನನಗೆ ಕೊಡಲಿಲ್ಲ.

ನನ್ನ ಮದುವೆಯಾಯಿತು, ಗೋಕಾಕಕ್ಕೆ ಹೋದೆ. ಅವ್ವ ತೀರಿಕೊಂಡಳು. ಅಕ್ಕ ಖಾನಾವಳಿ ನಡೆಸಿದಳು, ಮಗಳನ್ನು ಸಾಲಿಗೆ ಕಳಿಸಿದಳು. ಮಗಳು ಬೆಳೆದು ನಿಂತ ಹೊತ್ತಿಗೆ ಅಕ್ಕನ ಹೊಟ್ಟೆಯಲ್ಲಿ ಬೇನೆ ಶುರುವಾಯಿತು. ದವಾಖಾನೆಯಲ್ಲಿ ನೋಡಿದವರು ಮನೆಗೆ ಕರೆದುಕೊಂಡು ಹೋಗಿ ಎಂದರು, ಮೆತ್ತಗಿನ ಅನ್ನ, ಗಂಜಿ ಕೊಡಿ ಎಂದರು. ನಾನು ಅವಳ ಹತ್ತಿರ ಬಂದು ಉಳಿದೆ.

ಅವಳು ಅನ್ನ ಮುಟ್ಟಲಿಲ್ಲ. ಬಿಸಿ ರೊಟ್ಟಿಯ ಪದರವನ್ನಷ್ಟೇ ತೆಗೆದು ತೊಗರಿಬೇಳೆಯಲ್ಲಿ ನೆನೆಸಿ ಕೊಟ್ಟರೆ ಒಂದೆರಡು ತುತ್ತು ಹೋಗುತ್ತಿತ್ತು. ಅನ್ನ ಮೆತ್ತಗಿರುತ್ತದೆ, ತಿನ್ನು ಎಂದು ನಾನು ಗದರಿದರೆ, "ನಂದಿನ್ನೂ ರೊಟ್ಟಿ ಮುಗಿದಿಲ್ಲ ತಂಗಿ," ಎಂದು ನಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಹೊರಗೆ ಹೋಗಿ ಅಳುತ್ತಿದ್ದೆ. ಮಗಳು ಮಾತ್ರ ಸಾಲಿ ಬಿಟ್ಟು ಹಂಚಿನ ಮುಂದೆ ಕೂತು ಒಂದೊಂದೇ ತೆಳ್ಳನೆಯ ರೊಟ್ಟಿ ಬಡಿಯುತ್ತಿದ್ದಳು. ಆ ಮಧ್ಯಾಹ್ನದ ನಿಜ ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ಅವ್ವ ಎಲ್ಲರಿಗೂ ಹೇಳಿದ್ದನ್ನೇ ಅವಳೂ ನಂಬಿದ್ದಳು, ಗಾಬರಿಯಲ್ಲಿ ತಾಯಿಯ ಕೈ ತಪ್ಪಿತು, ಅದಕ್ಕೇ ಅವಳ ಬಾಳು ಹಾಳಾಯಿತು ಎಂದು.

ಒಂದು ದಿನ ಊಟದ ಹೊತ್ತಿಗೆ ಮಗಳು ರೊಟ್ಟಿಯ ಪದರ ಬಿಡಿಸುತ್ತಾ ಹಾಸಿಗೆಯ ಹತ್ತಿರ ಕೂತಳು. ಅಕ್ಕ ತಲೆ ಅಲ್ಲಾಡಿಸಿದಳು.

"ಅನ್ನ ತಾರವ್ವಾ."

ಮಗಳು ನನ್ನನ್ನು ನೋಡಿದಳು. ಖಾನಾವಳಿಯಲ್ಲೇ ಬೆಳೆದವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಡಲಿಲ್ಲ.

"ಇನ್ನರ್ಧ ಹಾಕ್ತೇನಿ ಬೇ," ಎಂದಳು. "ಅರ್ಧಾನ."

ಅಕ್ಕ ಬೇಡವೆಂದಳು. ಇವಳು ಮತ್ತೆ ಕೇಳಿದಳು. ಬಡಿಸುವವರು ಕೇಳಬೇಕಾದ ಹಾಗೆಯೇ, ಮತ್ತೆ ಮತ್ತೆ ಕೇಳಿದಳು. ಕೊನೆಗೆ ನಾನೇ ಎದ್ದು, ತೆಳ್ಳನೆಯ ಸಾರು ಹಾಕಿ ಹಿಸುಕಿದ ಅನ್ನವನ್ನು ಸಣ್ಣ ತಾಟಿನಲ್ಲಿ ತಂದು ಮಗಳ ಕೈಗೆ ಕೊಟ್ಟೆ. ಅಕ್ಕ ಎರಡು ತುತ್ತು ಉಂಡಳು. ಚೆನ್ನಾಗಿದೆ ಎಂದಳು. ಮಗಳು ಒಂದು ಕೈಯಲ್ಲಿ ಉಣ್ಣಿಸುತ್ತಿದ್ದಳು, ಇನ್ನೊಂದು ಕೈಯಲ್ಲಿ ತಾಯಿಯ ಸೆರಗಿನ ತುದಿಯನ್ನು ಸುತ್ತಿ ಹಿಡಿದುಕೊಂಡಿದ್ದಳು.