ಅಪ್ಪನ ಹೆಸರಿಗೆ ಕಟ್ಟಿದ ತೆರಿಗೆ

ರಸೀದಿ ಜೋಪಾನ ಮಾಡುವುದರಲ್ಲಿ ಗೊಬ್ಬರದಂಗಡಿ ರೇಣುಕಪ್ರಸಾದನನ್ನು ಮೀರಿಸುವವರು ಕೊಡ್ಲಿಪೇಟೆಯಲ್ಲಿ ಇರಲಿಲ್ಲ. ಕಂದಾಯ, ಕರೆಂಟು, ನೀರು, ಒಂದೊಂದಕ್ಕೂ ಒಂದೊಂದು ಕಡತ. ಆದರೆ ಯಾವ ರಸೀದಿಯಲ್ಲೂ ಅವನ ಹೆಸರಿಲ್ಲ. ದುಡ್ಡು ಯಾರದೇ ಆಗಲಿ, ಬರೆಸುವುದು ಅಪ್ಪ ಕರಿಬಸಪ್ಪನವರ ಹೆಸರು. ಹಿರಿಯರು ಕೂತಿರುವಾಗ ಕಿರಿಯರ ಹೆಸರು ಮುಂದೆ ಬರುವುದು ಆ ಮನೆಯಲ್ಲಿ ಮರ್ಯಾದೆಯಲ್ಲ.

ಮೂರು ವರ್ಷದ ಹಿಂದೆ ಅಪ್ಪನೇ ಅಂಗಡಿಯನ್ನು ಅವನಿಗೆ ವಹಿಸಿಕೊಟ್ಟರು. ಲೈಸೆನ್ಸು, ಜಿಎಸ್‌ಟಿ ಎಲ್ಲ ಅವನದಾಯಿತು, ಅವುಗಳ ಕಾಗದಪತ್ರ ತೆರಿಗೆ ಕೆಲಸದವರ ಹತ್ತಿರ ಇರುತ್ತಿತ್ತು; ಮನೆಯ ರಸೀದಿಗಳಲ್ಲಿ ಅಪ್ಪನ ಹೆಸರೇ ಮುಂದುವರಿಯಿತು. ಅಣ್ಣ ಕೀರ್ತಿಕುಮಾರ್ ಮಾತ್ರ ಮುಖ ಊದಿಸಿಕೊಂಡು ಶನಿವಾರಸಂತೆ ಸೇರಿದ, ಮಾತು ಬಿಟ್ಟ.

ಮಾರ್ಚ್ ಹದಿನಾಲ್ಕರಂದು ರೇಣುಕ ಆದಾಯದ ಮುಂಗಡ ತೆರಿಗೆ ಕಟ್ಟಲು ಕೂತ. ತೆರಿಗೆ ಕಟ್ಟುವಷ್ಟು ಲಾಭ ಬಂದದ್ದು ಆ ವರ್ಷವೇ ಮೊದಲು. ಮಾರನೆಯ ದಿನ ಕೊನೆಯ ಗಡುವು. ಪ್ಯಾನ್ ಸಂಖ್ಯೆ ಹಾಕಿ ಎಂದಿತು ಪೋರ್ಟಲ್. ಇನ್ನೊಮ್ಮೆ ಹಾಕಿ ಖಚಿತಪಡಿಸಿ ಎಂದಿತು. ಎರಡು ಸಲವೂ ಬೆರಳು ಬಾಯಿಪಾಠದ ಸಂಖ್ಯೆಯನ್ನೇ ಒತ್ತಿತು. ಅದು ಅಪ್ಪನದು. ಮೊಬೈಲಿಗೆ ಒಟಿಪಿ ಬಂತು, ವರ್ಷ ಸರಿಯಾಗಿ ಆರಿಸಿದ, ತನ್ನ ಖಾತೆಯ ನೆಟ್ ಬ್ಯಾಂಕಿಂಗ್‌ನಿಂದ ಅರವತ್ತು ಸಾವಿರ ಕಟ್ಟಿದ. ಚಲನ್ ರಸೀದಿಯನ್ನು ಪ್ರಿಂಟ್ ತೆಗೆದು, ಲ್ಯಾಮಿನೇಷನ್ನೂ ಮಾಡಿಸಿದ. ಅದರಲ್ಲಿ ಕರಿಬಸಪ್ಪ ಎಂದಿತ್ತು. ಆ ಮನೆಯ ರಸೀದಿಯಲ್ಲಿ ಇನ್ನಾರ ಹೆಸರಿರಬೇಕು? ಅವನ ಕಣ್ಣಿಗೆ ಏನೂ ತಪ್ಪೆನಿಸಲಿಲ್ಲ.

ಮೇ ತಿಂಗಳಲ್ಲಿ ಕರಿಬಸಪ್ಪನವರು ತೀರಿಕೊಂಡರು.

ಸೆಪ್ಟೆಂಬರಿನಲ್ಲಿ ರಿಟರ್ನ್ ಹಾಕಿಸಲು ಸೋಮವಾರಪೇಟೆಗೆ ಹೋದಾಗ, ತೆರಿಗೆ ಕೆಲಸ ನೋಡುವ ಯಮುನ ಮೇಡಂ ಕಂಪ್ಯೂಟರ್ ನೋಡಿ, ಲ್ಯಾಮಿನೇಷನ್ ನೋಡಿ, ಕೊನೆಗೆ ಅವನ ಮುಖ ನೋಡಿದರು.

"ನಿಮ್ಮ ಪ್ಯಾನ್‌ನಲ್ಲಿ ಒಂದು ರೂಪಾಯಿನೂ ಜಮಾ ಆಗಿಲ್ಲ. ಇದು ನಿಮ್ಮಪ್ಪಂದು."

"ತಿದ್ದಬಹುದಲ್ವಾ ಮೇಡಂ?"

"ಪೋರ್ಟಲ್‌ನಲ್ಲಿ ವರ್ಷ ತಪ್ಪಿದ್ರೆ, ತೆರಿಗೆ ಬಗೆ ತಪ್ಪಿದ್ರೆ ತಿದ್ದಬಹುದು, ಅದಕ್ಕೂ ಗಡುವಿದೆ. ಪ್ಯಾನ್ ತಿದ್ದಕ್ಕಾಗಲ್ಲ. ಆಫೀಸರ್‌ಗೆ ಅರ್ಜಿ ಕೊಡ್ಬೇಕು. ಪ್ಯಾನ್ ಯಾರದ್ದೋ ಅವರು 'ಈ ದುಡ್ಡು ನಂದಲ್ಲ' ಅಂತ ಬರ್ಕೊಡ್ಬೇಕು."

ಸತ್ತವರು ಬರೆದುಕೊಡುವುದೆಲ್ಲಿಂದ? ಇನ್ನು ಅವರ ಪರವಾಗಿ ವಾರಸುದಾರರೇ ಬರೆದುಕೊಡಬೇಕು. ಅಂದರೆ ರೇಣುಕ ಒಬ್ಬನೇ ಸಾಲದು, ಅಣ್ಣನ ಸಹಿಯೂ ಬೇಕು. ಈ ಸಲ ಸೆಪ್ಟೆಂಬರಿಗೆ ಮುಂದೂಡಿದ್ದ ರಿಟರ್ನ್ ಗಡುವು ಮುಗಿಯಲು ಉಳಿದದ್ದು ನಾಲ್ಕು ದಿನ. ತಪ್ಪಿದರೆ ಗೋದಾಮಿನ ಸೋರುವ ಶೀಟು ಬದಲಿಸಲು ಇಟ್ಟ ಹಣದಿಂದ ಎರಡನೆಯ ಸಲ ತೆರಿಗೆ ಕಟ್ಟಬೇಕು.

ಅವತ್ತೇ ಶನಿವಾರಸಂತೆಗೆ ಹೋದ. ಕೀರ್ತಿಕುಮಾರ್ ರಸೀದಿಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದ. ಆಮೇಲೆ ಮೊಬೈಲ್ ತೆಗೆದು ಅದರ ಫೋಟೋ ಹಿಡಿದುಕೊಂಡ.

"ಫೋಟೋ ಯಾಕಣ್ಣ?"

"ಸಾಯೋ ಎರಡು ತಿಂಗಳ ಮುಂಚೆನೂ ಅಂಗಡಿ ತೆರಿಗೆ ಅಪ್ಪನ ಹೆಸರಲ್ಲೇ ಹೋಗಿದೆ. ಹಂಗಂದ್ರೆ ಅಂಗಡಿ ಅಪ್ಪಂದೇ ತಾನೆ?"

"ದುಡ್ಡು ನನ್ನ ಖಾತೆಯಿಂದ ಹೋಗಿದ್ದಲ್ವಾ. ಬ್ಯಾಂಕಿನ ಪಾಸ್‌ಬುಕ್ ನೋಡು ಬೇಕಾದ್ರೆ."

"ಅಪ್ಪನ ತೆರಿಗೆನ ಮಗ ಕಟ್ಟದು ಏನ್ ಹೊಸದಾ? ನಮ್ಮನೇಲಿ ಎಲ್ಲನೂ ಹಂಗೇ ಅಲ್ವೇನೋ ನಡೀತಾ ಇದ್ದಿದ್ದು!"

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಷ್ಟು ವರ್ಷ ಪ್ರೀತಿಯಿಂದ ಮಾಡಿದ್ದನ್ನೇ ಅಣ್ಣ ಹಗ್ಗ ಹೊಸೆದು ತಮ್ಮನ ಕೈಗೆ ಕಟ್ಟುತ್ತಿದ್ದ. ರೇಣುಕ ಅತ್ತಿಗೆ ತಂದಿಟ್ಟ ಕಾಫಿಯನ್ನು ಕುಡಿಯದೆ ಎದ್ದ. ಸಹಿ ಕೇಳದೆಯೇ ಊರಿಗೆ ಹೊರಟ.

ಗಡುವಿನ ಹಿಂದಿನ ದಿನ ಮಧ್ಯಾಹ್ನ ತೆರಿಗೆ ಕಟ್ಟಲು ಅಂಗಡಿಯಲ್ಲೇ ಕೂತ. ಹೆಂಡತಿ ಕುಸುಮಾ ಅವನ ಪ್ಯಾನ್ ಕಾರ್ಡು ಹಿಡಿದು ಅಕ್ಷರ ಅಕ್ಷರ ಓದಿದಳು. ಅವನು ಒತ್ತಿದ ಪ್ರತಿ ಅಕ್ಷರವನ್ನೂ ಬಗ್ಗಿ ನೋಡಿದಳು. ಈ ಸಲ ಮುಂಗಡವಲ್ಲ, ರಿಟರ್ನ್ ಜೊತೆ ಕಟ್ಟುವ ಸ್ವಯಂ ನಿರ್ಧಾರಿತ ತೆರಿಗೆ. ಬಡ್ಡಿಯೂ ಸೇರಿ ಅರವತ್ನಾಲ್ಕು ಸಾವಿರದ ಇನ್ನೂರು. ಹಣ ಕಡಿತವಾಯಿತು. ಬ್ಯಾಂಕಿನ ಬಿಎಸ್ಆರ್ ಕೋಡು, ಚಲನ್ ಸಂಖ್ಯೆ, ಕಟ್ಟಿದ ದಿನಾಂಕ ಎಲ್ಲ ಇದ್ದ ರಸೀದಿ ತೆರೆಯಿತು.

"ಹೆಸರು ಓದಿ," ಎಂದಳು ಕುಸುಮಾ.

ಅದರಲ್ಲಿ ರೇಣುಕಪ್ರಸಾದ ಎಂದಿತ್ತು. ಅವನ ಕಡತಕ್ಕೆ ಅಪ್ಪನ ಹೆಸರಿಲ್ಲದೆ ಬಂದ ಮೊದಲ ರಸೀದಿ ಅದು. ಮೇ ತಿಂಗಳಲ್ಲಿ ಮಣ್ಣು ಹಾಕುವಾಗ ಬಾರದ ಅಳು ಈಗ ಬಂತು. ಗೊಬ್ಬರ ಕೇಳಲು ಬಂದವರೊಬ್ಬರು ಬಾಗಿಲಲ್ಲೇ ನಿಂತರು. ಕುಸುಮಾ ಅವರಿಗೆ, "ಸ್ವಲ್ಪ ಹೊತ್ತು ಬಿಟ್ಟು ಬನ್ನಿ," ಎಂದಳು.